ಪಂಪಿನೊಳಗೆ ಕುದಿಯುವ ತಣ್ಣೀರು

ಬಾವಿಯ ಮೇಲೆ ಕೂತ ಪಂಪು ನೀರನ್ನು ಎಳೆಯುವುದಿಲ್ಲ. ಗಾಳಿಯ ಒತ್ತಡವೇ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ಬಲ ಸುಮಾರು 10.3 ಮೀಟರ್ ನೀರಿಗೆ ಸಮ. 900 ಮೀಟರ್ ಎತ್ತರದ ಬೆಂಗಳೂರಿನಂಥ ಊರಲ್ಲಿ ಸುಮಾರು 9.3 ಮಾತ್ರ.

ಬೇಸಿಗೆಯಲ್ಲಿ ನೀರು ಪಂಪಿಗಿಂತ 5 ಮೀಟರ್ ಕೆಳಗಿಳಿಯಿತೆನ್ನಿ. ಪೈಪು, ಫುಟ್‌ವಾಲ್ವ್‌ಗಳ ಘರ್ಷಣೆಗೆ 1 ಮೀಟರ್, 30 ಡಿಗ್ರಿ ನೀರಿನ ಆವಿಯೊತ್ತಡಕ್ಕೆ 0.4 ಕಳೆಯಿರಿ. ಉಳಿದದ್ದು 2.9. ಇದೇ ಪಂಪಿಗೆ ಸಿಗುವ ಎನ್‌ಪಿಎಸ್‌ಎಚ್. ತಯಾರಕರ ನಕ್ಷೆ 3.5 ಬೇಕೆಂದರೆ ತೊಂದರೆ ಖಚಿತ.

ಆಗ ಇಂಪೆಲ್ಲರ್‌ನ ಬಾಯಲ್ಲಿ ಒತ್ತಡ ಕುಸಿದು, ತಣ್ಣೀರೇ ಕುದಿದು ಗುಳ್ಳೆಯಾಗುತ್ತದೆ. ಒತ್ತಡ ಹೆಚ್ಚಿರುವ ಕಡೆ ಸಾಗಿದೊಡನೆ ಗುಳ್ಳೆಗಳು ಕುಸಿದು ಲೋಹವನ್ನು ಕೊರೆಯುತ್ತವೆ. ಇದೇ ಕ್ಯಾವಿಟೇಶನ್. ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂತೆ ಸದ್ದು ಬರುತ್ತದೆ, ನೀರು ಕಡಿಮೆಯಾಗುತ್ತದೆ. ಬಿಚ್ಚಿ ನೋಡಿದರೆ ರೆಕ್ಕೆಗಳಲ್ಲಿ ಸಣ್ಣ ಗುಳಿಗಳು.

ಸದ್ದು ಕೇಳಿ ಹೆಚ್ಚು ಎಚ್‌ಪಿಯ ಮೋಟಾರು ತರುವವರಿದ್ದಾರೆ. ದಯವಿಟ್ಟು ಬೇಡ, ಅದು ಗಾಳಿಯ ಒತ್ತಡವನ್ನು ಹೆಚ್ಚಿಸಲಾರದು. ಪಂಪನ್ನೇ ಒಂದೂವರೆ ಮೀಟರ್ ಕೆಳಗಿಳಿಸಿದರೆ 2.9 ಇದ್ದದ್ದು 4.4 ಆಗುತ್ತದೆ. ಅಗಲವಾದ ಸಕ್ಷನ್ ಪೈಪು, ಸ್ವಚ್ಛ ಫುಟ್‌ವಾಲ್ವ್ ಕೂಡ ನೆರವಾಗುತ್ತವೆ. ತಾತ್ಕಾಲಿಕವಾಗಿ ಡೆಲಿವರಿ ಕಡೆಯ ವಾಲ್ವನ್ನು ತುಸು ತಿರುಗಿಸಿ ಹರಿವು ತಗ್ಗಿಸಬಹುದು. ಸಕ್ಷನ್ ಕಡೆಯದನ್ನು ಮಾತ್ರ ಎಂದೂ ಮುಚ್ಚಬಾರದು.