ಹಲ್ಲಿಗೆ ಮುಂಚೆ ಮೂಳೆ

ಮೇಲಿನ ದವಡೆ ಹಲ್ಲು ಕೀಳಿಸಿ ವರ್ಷಗಳಾದ ಮೇಲೆ ಇಂಪ್ಲಾಂಟ್ ಕೇಳಿಕೊಂಡು ಹೋದವರಿಗೆ ‘ಮೂಳೆ ಸಾಲದು’ ಎನ್ನುವ ಉತ್ತರ ಸಿಗುವುದುಂಟು. ಕೆನ್ನೆಯ ಹಿಂದೆ, ಮೇಲಿನ ಹಲ್ಲುಗಳ ಬೇರಿನ ಮೇಲೆಯೇ ಸೈನಸ್ ಎಂಬ ಗಾಳಿಯ ಗೂಡು ಇದೆ. ಹಲ್ಲು ಹೋದರೆ ಅದನ್ನು ಹಿಡಿದಿದ್ದ ಮೂಳೆ ಕೆಳಗಿನಿಂದ ಸವೆಯುತ್ತದೆ, ಸೈನಸ್ ಮೇಲಿನಿಂದ ಕೆಳಕ್ಕೆ ಹಿಗ್ಗುತ್ತದೆ.

ಎಂಟು ವರ್ಷದ ಹಿಂದೆ ಹಲ್ಲು ತೆಗೆಸಿದ, ಐವತ್ತು ದಾಟಿದ ಒಬ್ಬ ಗೃಹಿಣಿ ಎಂದುಕೊಳ್ಳಿ. ಸಿಬಿಸಿಟಿ ಸ್ಕ್ಯಾನ್‌ನಲ್ಲಿ ಉಳಿದ ಮೂಳೆಯ ಎತ್ತರ 3 ಮಿ.ಮೀ. ಹಾಕಬೇಕೆಂದಿರುವ ಇಂಪ್ಲಾಂಟ್ 10 ಮಿ.ಮೀ. ಉದ್ದದ್ದು. ಆರೇಳು ಮಿ.ಮೀ. ಮೂಳೆಯಿದ್ದಿದ್ದರೆ ಇಂಪ್ಲಾಂಟ್ ಕೂರಿಸುವ ರಂಧ್ರದಿಂದಲೇ ಸೈನಸ್‌ನ ತಳವನ್ನು ಸ್ವಲ್ಪ ಎತ್ತಿ, ಅದೇ ದಿನ ಇಂಪ್ಲಾಂಟನ್ನೂ ಹಾಕಬಹುದಿತ್ತು. ಮೂರರಲ್ಲಿ ಅದು ಗಟ್ಟಿಯಾಗಿ ಕೂರುವ ಭರವಸೆ ಕಡಿಮೆ. ಹಾಗಾಗಿ ಡಾಕ್ಟರು ಮೊದಲು ಮೂಳೆ ಬೆಳೆಸೋಣ ಎನ್ನುತ್ತಾರೆ.

ಆ ಜಾಗವನ್ನು ಮರಗಟ್ಟಿಸಿ, ವಸಡನ್ನು ಬಿಡಿಸಿ, ಪಕ್ಕದ ಮೂಳೆಯಲ್ಲಿ ಪುಟ್ಟ ಕಿಟಕಿ ತೆರೆಯುತ್ತಾರೆ. ಒಳಗೆ ಸೈನಸ್‌ನ ಪೊರೆ ಕಾಣುತ್ತದೆ. ಸಾಮಾನ್ಯವಾಗಿ ಅದರ ದಪ್ಪ ಒಂದು ಮಿ.ಮೀ.ಗೆ ಆಸುಪಾಸು, ಮೊಟ್ಟೆಯ ಸಿಪ್ಪೆಯ ಒಳಪೊರೆಯ ಹಾಗೆ ನಾಜೂಕು. ಅದನ್ನು ಹರಿಯದಂತೆ ಮೂಳೆಯಿಂದ ಬಿಡಿಸಿ ಮೇಲಕ್ಕೆ ಎತ್ತುವುದೇ ಇಡೀ ಕೆಲಸದ ಕಷ್ಟ. ಕೆಳಗೆ ಉಂಟಾದ ಜಾಗದಲ್ಲಿ ಗ್ರಾಫ್ಟಿನ ಹರಳುಗಳನ್ನು ತುಂಬಿ ವಸಡು ಹೊಲಿಯುತ್ತಾರೆ. ಈ ಹರಳುಗಳು ಹೊಸ ಮೂಳೆ ಹಬ್ಬಲು ಚಪ್ಪರ ಮಾತ್ರ. ಮೂಳೆ ಬೆಳೆಯಬೇಕಾದದ್ದು ರೋಗಿಯ ದೇಹದಿಂದಲೇ. ಅದಕ್ಕೆ ಆರರಿಂದ ಒಂಬತ್ತು ತಿಂಗಳು ಬೇಕು. ಆಮೇಲೆ ಇಂಪ್ಲಾಂಟ್, ಅದು ಮೂಳೆಗೆ ಬೆಸೆಯಲು ಮತ್ತೆ ಕೆಲವು ತಿಂಗಳು, ಕೊನೆಗೆ ಕ್ಯಾಪ್. ಒಟ್ಟು ಒಂದು ವರ್ಷ ಅಂದುಕೊಳ್ಳಬೇಕು.

ಬಹಳ ಬಳಕೆಯಲ್ಲಿರುವ ಹರಳುಗಳಲ್ಲಿ ಒಂದನ್ನು ದನದ ಮೂಳೆಯಿಂದ, ಅದರಲ್ಲಿನ ಪ್ರೋಟೀನ್ ತೆಗೆದು ತಯಾರಿಸುತ್ತಾರೆ. ಸಸ್ಯಾಹಾರಿಗಳಿಗೆ, ಬೇರೆ ಕಾರಣಕ್ಕೆ ಒಲ್ಲದವರಿಗೆ ಸಿಂಥೆಟಿಕ್ ಹರಳುಗಳಿವೆ. ಆದರೆ ಕೆಲವೊಮ್ಮೆ ರೋಗಿಗೆ ಇದನ್ನು ಯಾರೂ ಹೇಳುವುದಿಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಸಹಿ ಹಾಕುವ ಮುಂಚೆ ನೀವೇ ಕೇಳಿ.

ಈ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಾಗಿ ಆಗುವ ತೊಂದರೆ ಎಂದರೆ ಪೊರೆ ಹರಿಯುವುದು. ಸಣ್ಣ ತೂತಾದರೆ ಕೊಲಾಜೆನ್ ಹಾಳೆ ಇಟ್ಟು ಮುಚ್ಚಿ ಮುಂದುವರಿಯಬಹುದು. ದೊಡ್ಡದಾದರೆ ಅಲ್ಲಿಗೇ ನಿಲ್ಲಿಸಿ, ಪೊರೆ ಕೂಡಿಕೊಳ್ಳಲು ಕೆಲವು ತಿಂಗಳು ಬಿಟ್ಟು ಮತ್ತೆ ಮಾಡುವುದೇ ಲೇಸು. ಹಾಗೆ ನಿಲ್ಲಿಸಿದ ಡಾಕ್ಟರ ಮೇಲೆ ಮುನಿಯಬೇಡಿ.

ಮನೆಗೆ ಬಂದ ಮೇಲೆ ಜೋಪಾನ ಮಾಡಬೇಕಾದದ್ದು ಮೂಗನ್ನು. ಸುಮಾರು ಎರಡು ವಾರ ಮೂಗು ಸೀದಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಸ್ಟ್ರಾದಲ್ಲಿ ಕುಡಿಯಬಾರದು. ಬೀಡಿ, ಸಿಗರೇಟು ಗಾಯ ಮಾಯುವುದನ್ನು ಕೆಡಿಸುತ್ತವೆ. ಮೊದಲ ದಿನಗಳಲ್ಲಿ ಕೆನ್ನೆ ಊದುವುದು, ಮೂಗಿನಿಂದ ಒಂದಿಷ್ಟು ರಕ್ತ ಒಸರುವುದು ಸಹಜ. ಕೆಲವು ದಿನ ಕಳೆದೂ ನೋವು, ಊತ ಏರುತ್ತಿದ್ದರೆ, ದುರ್ವಾಸನೆ ಬಂದರೆ, ಮೂಗಿನಿಂದ ಹರಳು ಉದುರಿದರೆ ಅಥವಾ ಕುಡಿದ ನೀರು ಮೂಗಿಗೆ ಇಳಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅಂದೇ ಡಾಕ್ಟರಿಗೆ ಫೋನ್ ಮಾಡಿ.