ಕೊನೆಯ ಸಾಲಿಗೆ ಬಿದ್ದ ಸಂಖ್ಯೆ

2003ರ ಜನವರಿ 16ರಂದು ಕೊಲಂಬಿಯಾ ನೌಕೆ ಮೇಲೇರಿ ಸುಮಾರು 82 ಸೆಕೆಂಡಾಗಿತ್ತು. ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡೊಂದು ಅದರ ಎಡರೆಕ್ಕೆಗೆ ಬಡಿಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಇನ್ನೂ ಕಕ್ಷೆಯಲ್ಲಿದ್ದಾಗಲೇ ಬೋಯಿಂಗ್ ಎಂಜಿನಿಯರರು ನಾಸಾ ಅಧಿಕಾರಿಗಳಿಗೆ ಈ ಪೆಟ್ಟಿನ ಬಗ್ಗೆ ಸ್ಲೈಡುಗಳನ್ನು ತೋರಿಸಿದ್ದರು. ಅವುಗಳಲ್ಲೊಂದನ್ನು ಸ್ಲೈಡ್ ಮಾಡುವ ಪ್ರತಿಯೊಬ್ಬರೂ ನೋಡಬೇಕು.

ಫೋಮ್ ಪೆಟ್ಟಿನ ಹಿಂದಿನ ಪರೀಕ್ಷೆಗಳ ಲೆಕ್ಕ ಸುರಕ್ಷತೆಯ ಕಡೆಗೇ ವಾಲಿದೆ ಎಂಬ ಸಮಾಧಾನ ಅದರ ತಲೆಬರಹದಲ್ಲಿತ್ತು. ಕೆಳಗೆ ಸಾಲಿನೊಳಗೊಂದು ಉಪಸಾಲು. ಎಲ್ಲಕ್ಕಿಂತ ಕೊನೆಗೆ, ಬಡಿದ ತುಂಡಿನ ಗಾತ್ರ 1920 ಘನ ಅಂಗುಲ, ಪರೀಕ್ಷೆಗೆ ಬಳಸಿದ್ದು 3 ಘನ ಅಂಗುಲ ಎಂದಿತ್ತು. ಅಂದರೆ 640 ಪಟ್ಟು! ತಲೆಬರಹದ ಧೈರ್ಯವನ್ನೇ ಅಳಿಸಿಹಾಕುವ ಮಾತು ತಳ ಸೇರಿತ್ತು. ಫೆಬ್ರುವರಿ 1ರಂದು ಭೂಮಿಗೆ ಮರಳುವಾಗ ನೌಕೆ ಛಿದ್ರವಾಯಿತು, ಏಳೂ ಮಂದಿ ಸತ್ತರು. ಮಾಹಿತಿ ವಿನ್ಯಾಸದ ತಜ್ಞ ಎಡ್ವರ್ಡ್ ಟಫ್ಟಿ ಈ ಸ್ಲೈಡನ್ನು ಸಾಲುಸಾಲಾಗಿ ವಿಶ್ಲೇಷಿಸಿದರು. ತಾಂತ್ರಿಕ ವರದಿ ಇರಬೇಕಾದ ಜಾಗದಲ್ಲಿ ಸ್ಲೈಡ್ ಬಳಸುವ ರೂಢಿಯನ್ನು ಅಪಘಾತದ ತನಿಖಾ ಮಂಡಳಿಯೂ ಟೀಕಿಸಿತು.

ಅದೇ ಸ್ಲೈಡನ್ನು ಈಗ ಬಿಡಿಸಿ ಹಂಚೋಣ. ಪರದೆಯ ಮೇಲೆ ಬರಬೇಕಾದದ್ದು ನಿರ್ಧಾರವನ್ನು ಬದಲಿಸಬಲ್ಲ ಮಾತು ಮಾತ್ರ. ತಲೆಬರಹವಾಗಿ ‘ಇಷ್ಟು ದೊಡ್ಡ ತುಂಡನ್ನು ನಾವು ಪರೀಕ್ಷಿಸಿಲ್ಲ’ ಎಂಬ ಪೂರ್ತಿ ವಾಕ್ಯ, ಕೆಳಗೆ 1920 ಮತ್ತು 3 ಎಂಬ ಎರಡು ಸಂಖ್ಯೆಗಳು ಸಾಕು. ಸಣ್ಣ ತುಂಡುಗಳ ವಿಷಯದಲ್ಲಿ ಲೆಕ್ಕ ವಾಸ್ತವಕ್ಕಿಂತ ಹೆಚ್ಚಿನ ಹಾನಿ ತೋರಿಸುತ್ತಿತ್ತು, ಆ ಭರವಸೆಯನ್ನು ದೊಡ್ಡ ತುಂಡಿಗೆ ಹೊರಿಸಲಾಗದು ಎಂಬ ವಿವರಣೆ ಬಾಯಲ್ಲಿ ಹೇಳುವಂಥದ್ದು. ಅದರ ಜಾಗ ಸ್ಪೀಕರ್ ನೋಟ್ಸ್. ಪರೀಕ್ಷೆಯ ಕೋಷ್ಟಕ, ವೇಗ, ಬಡಿದ ಕೋನ, ಊಹೆಗಳೆಲ್ಲ ಸಭೆಯ ಬೆನ್ನಿಗೇ ಕಳಿಸುವ ದಾಖಲೆಗೆ. ಅದನ್ನು ಬುಲೆಟ್ ಗುರುತುಗಳಲ್ಲಿ ಬರೆಯಬಾರದು. ಕಾರಣ ಯಾವುದು, ಪರಿಣಾಮ ಯಾವುದು ಎಂದು ಕೊಂಡಿ ಹಾಕಲು ಪೂರ್ಣ ವಾಕ್ಯಗಳೇ ಬೇಕು. ಓದುವವರು ಒಂದು ಲೆಕ್ಕವನ್ನಾದರೂ ತಾವೇ ಮಾಡಿ ನೋಡುವಂತಿರಬೇಕು.

ನೋಟ್ಸ್ ವಿಷಯದಲ್ಲಿ ಹಲವರು ಎಡವುತ್ತಾರೆ. ಪವರ್‌ಪಾಯಿಂಟಿನಿಂದ ಮಾಮೂಲಾಗಿ ಪಿಡಿಎಫ್ ಮಾಡಿದರೆ ನೋಟ್ಸ್ ಅದರಲ್ಲಿ ಬರುವುದಿಲ್ಲ. ಬೇಕೆಂದರೆ ಆಯ್ಕೆಗಳಲ್ಲಿ Notes pages ಆರಿಸಬೇಕು. ಸ್ಲೈಡ್ ಒಬ್ಬರಿಂದೊಬ್ಬರಿಗೆ ದಾಟುತ್ತ ಮೇಲಿನವರನ್ನು ತಲುಪುವಾಗ ನೀವು ಆಡಿದ ಮಾತು ಜೊತೆಗಿರುವುದಿಲ್ಲ. ಹಾಗಾಗಿ ‘ಆದರೆ’ ಎಂದು ಶುರುವಾಗುವ ಎಚ್ಚರಿಕೆಯನ್ನು ನೋಟ್ಸಿನಲ್ಲಷ್ಟೇ ಬಿಡಬೇಡಿ. ಫೈಲು ಕಳಿಸುವ ಮುನ್ನ ಸಭೆಗೆ ಬಾರದ ಸಹೋದ್ಯೋಗಿಯೊಬ್ಬರಿಗೆ ಸ್ಲೈಡನ್ನಷ್ಟೇ ತೋರಿಸಿ, ‘ಇದನ್ನು ನೋಡಿ ಏನು ತೀರ್ಮಾನಿಸುತ್ತೀರಿ?’ ಎಂದು ಕೇಳಿ. ಅವರ ಉತ್ತರ ನಿಮ್ಮದಕ್ಕೆ ಹೊಂದದಿದ್ದರೆ ಮೊದಲು ತಲೆಬರಹವನ್ನು ತಿದ್ದಿ.