ಅಡ್ವಾನ್ಸ್ ವಾಪಸ್ ಯಾವತ್ತು, ಸ್ವಾಮಿ?

ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವವರು ಓನರ್‌ಗೆ ಕಳಿಸುವ ಮೆಸೇಜು ಹೆಚ್ಚಾಗಿ ಒಂದೇ ಸಾಲಿನದು: ‘ಅಂಕಲ್, ಮುಂದಿನ ತಿಂಗಳು ಮನೆ ಖಾಲಿ ಮಾಡ್ತೀವಿ.’ ‘ಸರಿ’ ಎಂದು ಉತ್ತರವೂ ಬರುತ್ತದೆ. ಲಕ್ಷಗಟ್ಟಲೆ ಅಡ್ವಾನ್ಸ್ ಯಾವಾಗ ಕೈಸೇರುತ್ತದೆ ಎಂಬ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಕೇಳಿದರೆ ಎಲ್ಲಿ ಬೇಜಾರಾಗುತ್ತಾರೋ ಎಂದು ಬಾಡಿಗೆದಾರರು ಸುಮ್ಮನಿರುತ್ತಾರೆ. ಬೇಜಾರು ಶುರುವಾಗುವುದು ಕೀಲಿ ಕೊಟ್ಟ ಮೇಲೆ.

ಅಡ್ವಾನ್ಸ್ ತಡವಾಗಲು ಓನರ್ ಕೆಟ್ಟವರೇ ಆಗಿರಬೇಕಿಲ್ಲ. ನಾವು ಕೊಟ್ಟ ಹಣ ಬ್ಯಾಂಕಿನಲ್ಲಿ ಕಾದು ಕೂತಿರುವುದು ಅಪರೂಪ. ಮೇಲಿನ ಮಹಡಿ ಕಟ್ಟಲೋ, ಮಗಳ ಮದುವೆಗೋ, ಇನ್ನೊಂದು ಮನೆಯವರಿಗೆ ಹಿಂದಿರುಗಿಸಲೋ ಅದು ಆಗಲೇ ಖರ್ಚಾಗಿರುತ್ತದೆ. ಹೊಸಬರು ಬಂದು ಅಡ್ವಾನ್ಸ್ ಕೊಟ್ಟಾಗಲೇ ಹಳಬರ ಲೆಕ್ಕ ಚುಕ್ತಾ. ಹಾಗಾಗಿ ಖಾಲಿ ಮಾಡುವ ಪತ್ರದ ನಿಜವಾದ ಕೆಲಸ, ಹಣ ಹೊಂದಿಸಿಕೊಳ್ಳಲು ಓನರ್‌ಗೆ ಸಮಯ ಕೊಡುವುದು, ಕೊಡುವ ದಿನವನ್ನು ಅವರಿಂದ ಬರಹದಲ್ಲಿ ಒಪ್ಪಿಸಿಕೊಳ್ಳುವುದು.

ಒಂದು ಲೆಕ್ಕ ನೋಡೋಣ. ಬಾಡಿಗೆ 22,000, ಅಡ್ವಾನ್ಸ್ 1,50,000 ರೂಪಾಯಿ. ಅಗ್ರಿಮೆಂಟಿನಲ್ಲಿ ಒಂದು ತಿಂಗಳ ನೋಟಿಸ್, ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತು. ಜುಲೈ 31ಕ್ಕೆ ಮನೆ ಬಿಡುವವರು ಜೂನ್ 28ಕ್ಕೇ ಹೀಗೆ ಬರೆಯಬಹುದು:

‘ಮಾನ್ಯರೇ, ನಮಸ್ಕಾರ. ತಮ್ಮ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿರುವ ನಾವು ಅಗ್ರಿಮೆಂಟಿನಂತೆ ಒಂದು ತಿಂಗಳ ಮುಂಚಿತವಾಗಿ ತಿಳಿಸುತ್ತಿದ್ದೇವೆ. ಜುಲೈ 31ರಂದು ಮನೆ ಖಾಲಿ ಮಾಡಿ ಕೀಲಿ ಒಪ್ಪಿಸುತ್ತೇವೆ. ಜುಲೈ ಬಾಡಿಗೆಯನ್ನು ಎಂದಿನಂತೆ ಕಟ್ಟುತ್ತೇವೆ. ಹೊಸಬರಿಗೆ ಮನೆ ತೋರಿಸಲು ಸಂಜೆ ಆರರ ನಂತರ ಅಥವಾ ಭಾನುವಾರ ದಯವಿಟ್ಟು ಬನ್ನಿ. ಜುಲೈ 20ರೊಳಗೆ ತಾವೊಮ್ಮೆ ಬಂದು ಮನೆ ನೋಡಿದರೆ, ರಿಪೇರಿ ಏನಾದರೂ ಇದ್ದಲ್ಲಿ ನಾವೇ ಮಾಡಿಸಿಕೊಡುತ್ತೇವೆ. ಪೇಂಟಿಂಗ್‌ನ 22,000 ಕಳೆದು ಉಳಿಯುವ 1,28,000 ರೂಪಾಯಿಯಲ್ಲಿ 1,20,000ವನ್ನು ಕೀಲಿ ಪಡೆಯುವ ದಿನ ನಮ್ಮ ಖಾತೆಗೆ ಹಾಕಬೇಕೆಂದು ಕೋರುತ್ತೇವೆ. ಕರೆಂಟ್, ನೀರಿನ ಕೊನೆಯ ಬಿಲ್ ಕಳೆದು ಉಳಿದದ್ದನ್ನು ಆಗಸ್ಟ್ 15ರೊಳಗೆ ಕೊಟ್ಟರೆ ಅನುಕೂಲ. ಈ ದಿನಾಂಕಗಳು ತಮಗೆ ಒಪ್ಪಿಗೆಯೇ, ದಯವಿಟ್ಟು ತಿಳಿಸಿ.’

ಈ ಪತ್ರದಲ್ಲಿ 8,000 ರೂಪಾಯಿ ಬಿಟ್ಟುಕೊಟ್ಟಿರುವುದು ಸುಮ್ಮನೆ ಅಲ್ಲ. ತಿಂಗಳ ಕೊನೆಗೆ ಮನೆ ಬಿಟ್ಟರೆ ಕೊನೆಯ ಕರೆಂಟ್ ಬಿಲ್ ಬರುವುದು ಮುಂದಿನ ತಿಂಗಳು. ‘ಬಿಲ್ ಬರಲಿ, ಆಮೇಲೆ ಲೆಕ್ಕ ಹಾಕೋಣ’ ಎಂದು ಪೂರ್ತಿ ಹಣ ನಿಲ್ಲಿಸಲು ಓನರ್‌ಗೆ ಅಷ್ಟು ನೆಪ ಸಾಕು. ಬಿಲ್ಲಿಗಾಗುವಷ್ಟನ್ನು ನಾವೇ ಪಕ್ಕಕ್ಕಿಟ್ಟರೆ ಆ ನೆಪ ಉಳಿಯುವುದಿಲ್ಲ. ಕೀಲಿ ಕೊಡುವ ದಿನ ಮೀಟರಿನ ರೀಡಿಂಗ್ ಫೋಟೋ ತೆಗೆದು ಓನರ್‌ಗೂ ಕಳಿಸಿಬಿಡಿ.

20ನೇ ತಾರೀಖಿನ ಭೇಟಿಯೂ ಹಾಗೇ. ಎಲ್ಲ ಸಾಮಾನು ಲಾರಿ ಹತ್ತಿದ ಮೇಲೆ ‘ಸಿಂಕ್ ಬಿರುಕು ಬಿಟ್ಟಿದೆ, ಗೀಸರ್ ಕೆಟ್ಟಿದೆ’ ಎಂಬ ಪಟ್ಟಿ ಬಂದರೆ ಚೌಕಾಸಿಗೆ ನಮ್ಮ ಕೈಲಿ ಏನೂ ಇರುವುದಿಲ್ಲ. ಸಹಜವಾದ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂಬುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ. ಮಾಸಿದ ಗೋಡೆ ಸವೆತ, ಒಡೆದ ಕಿಟಕಿ ಗಾಜು ಹಾನಿ. ಆದರೆ ಪೇಂಟಿಂಗ್ ಹಣ ಮುರಿಯಲು ನಾವೇ ಅಗ್ರಿಮೆಂಟಿನಲ್ಲಿ ಸಹಿ ಹಾಕಿದ್ದರೆ, ಸವೆತದ ವಾದ ಅಲ್ಲಿ ಹೆಚ್ಚು ದೂರ ಹೋಗದು.

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ, ಮನೆ ವಶಕ್ಕೆ ಪಡೆದ ದಿನವೇ ಹಿಂದಿರುಗಿಸಿ ಎನ್ನುತ್ತದೆ. ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಾಗಿ ತರದ ಹೊರತು ಓನರ್ ಅದಕ್ಕೆ ಬದ್ಧರಲ್ಲ. ಹಾಗಾಗಿ ಪತ್ರದಲ್ಲಿ ಸೆಕ್ಷನ್ನುಗಳನ್ನು ತುರುಕುವುದಕ್ಕಿಂತ ಅಗ್ರಿಮೆಂಟಿನ ಷರತ್ತನ್ನು ನೆನಪಿಸುವುದೇ ಮೇಲು. ನನ್ನ ಮಟ್ಟಿಗೆ, ಮೊದಲ ಪತ್ರದಲ್ಲೇ ವಕೀಲರ ಮಾತು ತೆಗೆಯುವುದು ಹಣವನ್ನು ಇನ್ನೂ ದೂರ ತಳ್ಳುವ ಕೆಲಸ.

ಕೆಲವರು ಕೊನೆಯ ತಿಂಗಳುಗಳ ಬಾಡಿಗೆ ಕಟ್ಟದೆ ‘ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ’ ಅಂದುಬಿಡುತ್ತಾರೆ. ಓನರ್ ತಾವಾಗಿ ಒಪ್ಪಿದರೆ ಅದರಷ್ಟು ಸಲೀಸು ಬೇರಿಲ್ಲ. ಒಪ್ಪಿಗೆಯಿಲ್ಲದೆ ಮಾಡಿದರೆ ಷರತ್ತು ಮುರಿದವರು ನಾವೇ ಆಗುತ್ತೇವೆ, ದಿನಾಂಕ ಕೇಳುವ ಬಾಯಿ ಕಟ್ಟಿಹೋಗುತ್ತದೆ.

ಪತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಸಹಿ ಹಾಕಿದ ಪ್ರತಿಯನ್ನು ಕೈಗೂ ಕೊಡಿ ಅಥವಾ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ‘ಹೊಸಬರು ಬರ್ಲಿ, ಕೊಡ್ತೀನಿ’ ಎಂಬ ಉತ್ತರ ಬಂದರೆ ಜಗಳಕ್ಕಿಳಿಯದೆ ‘ಅರ್ಧ ಕೀಲಿ ಕೊಡುವ ದಿನ, ಇನ್ನರ್ಧ ಆಗಸ್ಟ್ 31ಕ್ಕೆ; ಅಷ್ಟರೊಳಗೆ ಹೊಸಬರು ಬರಲಿ, ಬಿಡಲಿ’ ಎಂದು ಬರೆದು ಒಪ್ಪಿಗೆ ಕೇಳಿ. ಹಣಕ್ಕಾಗಿ ಕೀಲಿ ಹಿಡಿದಿಟ್ಟುಕೊಳ್ಳಲು ಹೋಗಬೇಡಿ, ಆಗಸ್ಟ್ ಬಾಡಿಗೆಯನ್ನೂ ಅದೇ ಅಡ್ವಾನ್ಸ್‌ನಿಂದ ಮುರಿದಾರು.